ಎಷ್ಟು ಪ್ರಶ್ನೆಗೆ ನಿಂತಿತು?

ಬೆಂಗಳೂರಿನ ಪರೀಕ್ಷಾ ಕೇಂದ್ರದಿಂದ ಅಕ್ಕನ ಮಗಳು ಹೊರಗೆ ಬಂದಾಗ ನಾನು ಎದುರಿನ ದರ್ಶಿನಿಯಲ್ಲಿ ಮೂರನೇ ಕಾಫಿ ಮುಗಿಸಿದ್ದೆ. ಒಳಗೆ ಹೋಗಿ ಐದು ಗಂಟೆಯ ಮೇಲಾಗಿತ್ತು. ಮುಖ ನೋಡಿದರೆ ಅಳು ತಡೆದುಕೊಂಡಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಹೇಗಿತ್ತು ಎಂದು ಕೇಳುವ ಮೊದಲೇ ಅವಳೇ ಹೇಳಿದಳು: "ನಿಲ್ಲಲೇ ಇಲ್ಲ ಮಾಮ. 150ರ ತನಕ ಹೋಯ್ತು."

ನನಗೆ ಅರ್ಥವಾಗಲಿಲ್ಲ. 34 ವರ್ಷ ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿದವನು ನಾನು. ನನ್ನ ಲೆಕ್ಕದಲ್ಲಿ ಪ್ರಶ್ನೆಪತ್ರಿಕೆ ಎಂದರೆ ಅದಕ್ಕೊಂದು ಕೊನೆ ಇರುತ್ತದೆ, ಎಲ್ಲರಿಗೂ ಒಂದೇ ಕಡೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಮಂಗಳೂರಿನಲ್ಲಿ ಅವಳ ಜೊತೆ ಬಿಎಸ್ಸಿ ನರ್ಸಿಂಗ್ ಓದಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ಎಷ್ಟಕ್ಕೆ ನಿಂತಿತು? 85ಕ್ಕೆ ನಿಂತರೆ ಪಾಸು, 150ರ ತನಕ ಎಳೆದರೆ ಕತೆ ಮುಗಿಯಿತು ಎನ್ನುವುದು ಹಾಸ್ಟೆಲಿನ ಶಾಸ್ತ್ರವಂತೆ. ಪ್ರಶ್ನೆ ಏನೇನು ಬಂದಿತ್ತು ಎಂದು ಕೇಳಿದೆ. "ಅದನ್ನ ಯಾರಿಗೂ ಹೇಳೋ ಹಾಗಿಲ್ಲ ಮಾಮ, ಒಪ್ಪಿ ಬಂದಿದೀನಿ" ಎಂದಳು. ಸರಿ, ಪ್ರಶ್ನೆ ಬೇಡ, ಅದು ನಿಲ್ಲುವುದು ಯಾವ ಲೆಕ್ಕದ ಮೇಲೆ ಎನ್ನುವುದನ್ನಾದರೂ ತಿಳಿದುಕೊಳ್ಳೋಣ ಎಂದು ಕೂತೆ. ಎರಡು ವಾರ ಅದರಲ್ಲೇ ಕಳೆಯಿತು.

ಅವಳು ಬರೆದದ್ದು ಎನ್‌ಕ್ಲೆಕ್ಸ್ ಆರ್‌ಎನ್. ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಪರವಾನಗಿಗೆ ಪಾಸಾಗಬೇಕಾದ ಪರೀಕ್ಷೆ. ಅಲ್ಲಿಯ ರಾಜ್ಯಗಳ ನರ್ಸಿಂಗ್ ಮಂಡಳಿಗಳ ಒಕ್ಕೂಟ ಇದನ್ನು ನಡೆಸುತ್ತದೆ. 1994ರಲ್ಲಿ ಕಾಗದ-ಪೆನ್ಸಿಲ್ ಬಿಟ್ಟು ಕಂಪ್ಯೂಟರಿಗೆ ಬಂದಾಗಲೇ ಇದು ಒಬ್ಬೊಬ್ಬರಿಗೆ ಒಂದೊಂದು ಥರ ಪ್ರಶ್ನೆ ಹಾಕುವ ಪರೀಕ್ಷೆಯಾಯಿತು. ಎದುರಿಗೆ ಕೂತವರ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟವನ್ನು ಏರಿಸುತ್ತದೆ, ಇಳಿಸುತ್ತದೆ. ಕಡಿಮೆ ಎಂದರೆ 85 ಪ್ರಶ್ನೆ, ಹೆಚ್ಚೆಂದರೆ 150. ಸಮಯ ಐದು ಗಂಟೆ. ಮಧ್ಯೆ ಎದ್ದು ಹೋಗಿ ಬರಬಹುದು, ಆದರೆ ಆ ಹೊತ್ತೂ ಐದು ಗಂಟೆಯಲ್ಲೇ ಕಳೆಯುತ್ತದೆ.

ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟ ಉಪಾಯ ಇಲ್ಲಿ ನಡೆಯುವುದಿಲ್ಲ ಎನ್ನುವುದು ನನಗೆ ಮೊದಲು ಹೊಳೆದದ್ದು. "ಗೊತ್ತಿರೋದನ್ನ ಮೊದಲು ಬರಿ, ಗೊತ್ತಿಲ್ಲದ್ದನ್ನ ಆಮೇಲೆ ನೋಡು" ಎಂದು ಸಾವಿರ ಸಲ ಹೇಳಿದ್ದೇನೆ. ಸಿಇಟಿಗೂ ನೀಟ್‌ಗೂ ಅದು ಒಳ್ಳೆಯ ಮಾತೇ. ಎನ್‌ಕ್ಲೆಕ್ಸ್‌ನಲ್ಲಿ ಈ ಪ್ರಶ್ನೆಗೆ ಉತ್ತರಿಸದೆ ಮುಂದಿನದು ಕಾಣುವುದಿಲ್ಲ, ಉತ್ತರಿಸಿ ಮುಂದೆ ಹೋದ ಮೇಲೆ ಹಿಂದಿನದಕ್ಕೆ ಮರಳುವ ದಾರಿಯಿಲ್ಲ. ಕಾರಣವೂ ಇದೆ. ಮುಂದಿನ ಪ್ರಶ್ನೆ ಯಾವುದೆಂದು ನೀವು ಇದಕ್ಕೆ ಉತ್ತರ ಕೊಡುವ ತನಕ ತೀರ್ಮಾನವೇ ಆಗಿರುವುದಿಲ್ಲ.

ಹಳೆಯ ಕಿರಾಣಿ ಅಂಗಡಿಯ ತಕ್ಕಡಿ ನೆನಪಿಸಿಕೊಳ್ಳಿ. ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚು ಇದೆ, ತೂಕ ಗೊತ್ತಿಲ್ಲ. ಶೆಟ್ಟರು ಇನ್ನೊಂದು ತಟ್ಟೆಗೆ ಒಂದು ಕೆಜಿಯ ಬಟ್ಟು ಹಾಕುತ್ತಾರೆ. ಬೆಲ್ಲದ ತಟ್ಟೆ ಮೇಲೆದ್ದರೆ ಅರ್ಧ ಕೆಜಿಯದನ್ನು ಹಾಕಿ ನೋಡುತ್ತಾರೆ, ಆಮೇಲೆ ಕಾಲು ಕೆಜಿ ಸೇರಿಸುತ್ತಾರೆ. ಐದು ಕೆಜಿಯ ಬಟ್ಟು ಹಾಕಿದರೆ ತಕ್ಕಡಿ ದಡ್ಡನೆ ಬೀಳುತ್ತದೆಯೇ ಹೊರತು ಬೆಲ್ಲದ ತೂಕ ತಿಳಿಯುವುದಿಲ್ಲ. ತಕ್ಕಡಿಯ ಮುಳ್ಳು ಆಚೆಗೋ ಈಚೆಗೋ ಎಂದು ತೂಗಾಡುವಂಥ ಬಟ್ಟೇ ಬೇಕು.

ಪ್ರಶ್ನೆಯೂ ಹಾಗೆಯೇ. ಖಂಡಿತ ಬರುವ ಪ್ರಶ್ನೆ ಕೇಳಿದರೂ ಖಂಡಿತ ಬಾರದ ಪ್ರಶ್ನೆ ಕೇಳಿದರೂ ಪರೀಕ್ಷಕನಿಗೆ ಹೊಸದೇನೂ ತಿಳಿಯುವುದಿಲ್ಲ. ಬರುವುದಕ್ಕೂ ಬಾರದಿರುವುದಕ್ಕೂ ಸಮ ಸಮ ಸಂಭವ ಇರುವ ಪ್ರಶ್ನೆಯೇ ಹೆಚ್ಚು ತಿಳಿಸುವಂಥದ್ದು. ಎನ್‌ಕ್ಲೆಕ್ಸ್ ಪ್ರತಿ ಸಲ ಹುಡುಕುವುದು ಅದನ್ನೇ, ಇವಳಿಗೆ ಸುಮಾರು ಶೇ. 50ರಷ್ಟು ಸಾಧ್ಯತೆಯಿರುವ ಪ್ರಶ್ನೆಯನ್ನು.

ಇದರ ಹಿಂದಿರುವ ಗಣಿತ ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ ಅವರದು. 1960ರಲ್ಲಿ ಪುಸ್ತಕವಾಗಿ ಬಂತು. ಅವರ ಜಾಣತನ ಏನೆಂದರೆ ಅಭ್ಯರ್ಥಿಯ ಸಾಮರ್ಥ್ಯವನ್ನೂ ಪ್ರಶ್ನೆಯ ಕಷ್ಟವನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಟ್ಟದ್ದು. ಆ ಪಟ್ಟಿಯ ಒಂದು ಘಟಕಕ್ಕೆ ಲಾಜಿಟ್ ಎನ್ನುತ್ತಾರೆ; ಹೆಸರಿಗೆ ಹೆದರಬೇಕಾಗಿಲ್ಲ, ನಾನು ಅದನ್ನು 'ಮೆಟ್ಟಿಲು' ಎನ್ನುತ್ತೇನೆ. ನೀವೂ ಪ್ರಶ್ನೆಯೂ ಒಂದೇ ಮೆಟ್ಟಿಲ ಮೇಲಿದ್ದರೆ ಸರಿಯುತ್ತರದ ಸಾಧ್ಯತೆ ನೂರಕ್ಕೆ 50. ಪ್ರಶ್ನೆ ಒಂದು ಮೆಟ್ಟಿಲು ಕೆಳಗಿದ್ದರೆ 73, ಒಂದು ಮೆಟ್ಟಿಲು ಮೇಲಿದ್ದರೆ 27. ಪ್ರಶ್ನೆಗಳ ಕಷ್ಟ ಎಷ್ಟೆಂದು ಯಾರೋ ಮೇಷ್ಟ್ರು ಕೂತು ಊಹಿಸಿದ್ದಲ್ಲ. ಪ್ರತಿ ಅಭ್ಯರ್ಥಿಗೂ ಲೆಕ್ಕಕ್ಕೆ ಸೇರದ 15 ಪ್ರಶ್ನೆಗಳನ್ನು ನಡುನಡುವೆ ತೂರಿಸಿರುತ್ತಾರೆ. ಅವು ಇನ್ನೂ ಪರೀಕ್ಷೆಗೇ ಒಳಗಾಗುತ್ತಿರುವ ಹೊಸ ಪ್ರಶ್ನೆಗಳು. ಎಷ್ಟು ಜನ ತಪ್ಪಿದರು, ತಪ್ಪಿದವರ ಸಾಮರ್ಥ್ಯ ಎಷ್ಟು ಎನ್ನುವುದನ್ನು ನೋಡಿಕೊಂಡು ಅವಕ್ಕೆ ಮೆಟ್ಟಿಲು ಗೊತ್ತುಮಾಡುತ್ತಾರೆ. ಅವು ಯಾವುವೆಂದು ಬರೆಯುವವರಿಗೆ ತಿಳಿಯುವುದಿಲ್ಲ.

ಹೀಗಾಗಿ 85 ಪ್ರಶ್ನೆಗಳಲ್ಲಿ ಲೆಕ್ಕಕ್ಕೆ ಬರುವುದು 70. 150ರಲ್ಲಿ 135.

ಪಾಸ್ ಗೆರೆಯನ್ನು ಸೊನ್ನೆ ಎಂದಿಟ್ಟುಕೊಳ್ಳೋಣ. ಶುರುವಿನಲ್ಲಿ ಕಂಪ್ಯೂಟರಿಗೆ ಅಭ್ಯರ್ಥಿಯ ಬಗ್ಗೆ ಏನೂ ಗೊತ್ತಿಲ್ಲ. ಹತ್ತನೇ ಪ್ರಶ್ನೆಯ ಹೊತ್ತಿಗೆ ಒಂದು ಉತ್ತರ ಅದರ ಅಂದಾಜನ್ನು ಸುಮಾರು 0.2 ಮೆಟ್ಟಿಲಿನಷ್ಟು ಏರಿಸಬಹುದು, ಇಳಿಸಬಹುದು. ನೂರನೇ ಪ್ರಶ್ನೆಯ ಹೊತ್ತಿಗೆ ಅದೇ ಒಂದು ಉತ್ತರ ಅಲುಗಿಸುವುದು 0.02ರಷ್ಟು ಮಾತ್ರ. ಇದನ್ನು ನೋಡಿದವರು ಮೊದಲ ಹತ್ತು ಪ್ರಶ್ನೆಯೇ ಹಣೆಬರಹ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರು ಎಂದು ಬುದ್ಧಿ ಹೇಳುತ್ತಾರೆ. ನನ್ನ ಅಕ್ಕನ ಮಗಳಿಗೂ ಒಬ್ಬರು ಹಾಗೆ ಹೇಳಿದ್ದರು. ಆದರೆ ಮೊದಲ ಜಿಗಿತಗಳು ದೊಡ್ಡವಾಗಿರುವುದು ಆಗ ಕಂಪ್ಯೂಟರಿನ ಬಳಿ ಬೇರೆ ಮಾಹಿತಿ ಇಲ್ಲದ್ದರಿಂದ. ಕೊನೆಯ ಅಂದಾಜು ಹಾಕುವಾಗ ಅದು ಎಲ್ಲ ಉತ್ತರಗಳನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಗಾಬರಿಯಲ್ಲಿ ಮೊದಲ ಐದೂ ತಪ್ಪಿದವಳಿಗೆ ಸುಲಭದ ಪ್ರಶ್ನೆಗಳು ಬರುತ್ತವೆ, ಅವನ್ನು ಅವಳು ಸರಿ ಮಾಡುತ್ತ ಮೇಲೆ ಬರುತ್ತಾಳೆ. 135ರಲ್ಲಿ ಐದು ಹೋದಂತೆಯೇ ಹೊರತು ಅರ್ಧ ಪರೀಕ್ಷೆ ಹೋದಂತಲ್ಲ.

ಇನ್ನು ನಿಲ್ಲುವ ವಿಚಾರ. ಅಂದಾಜು ಯಾವಾಗಲೂ ಒಂದು ಚುಕ್ಕಿಯಲ್ಲ, ಚುಕ್ಕಿಯ ಸುತ್ತ ಮಂಜು ಮುಸುಕಿರುತ್ತದೆ. ಪ್ರಶ್ನೆ ಹೆಚ್ಚಿದಂತೆ ಮಂಜು ತಿಳಿಯಾಗುತ್ತದೆ, ಆದರೆ ಬಲು ನಿಧಾನವಾಗಿ. ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸರಿ-ತಪ್ಪು ಸಮ ಸಮ ಇರುವ 70 ಪ್ರಶ್ನೆಗೆ ಅಂದಾಜಿನ ತಪ್ಪು ಸುಮಾರು 0.24 ಮೆಟ್ಟಿಲು, 135 ಪ್ರಶ್ನೆಗೆ 0.17. ಪ್ರಶ್ನೆ ಹೆಚ್ಚುಕಡಿಮೆ ದುಪ್ಪಟ್ಟಾದರೂ ಮಂಜು ಅರ್ಧಕ್ಕೆ ಇಳಿಯಲಿಲ್ಲ; ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಪ್ರಶ್ನೆ ಬೇಕು. 85 ಮುಗಿದ ಮೇಲೆ ಕಂಪ್ಯೂಟರ್ ಪ್ರತಿ ಉತ್ತರದ ನಂತರವೂ ತನ್ನನ್ನೇ ಕೇಳಿಕೊಳ್ಳುತ್ತದೆ: ಇವಳು ಗೆರೆಯ ಮೇಲಿದ್ದಾಳೆ, ಇಲ್ಲವೇ ಕೆಳಗಿದ್ದಾಳೆ ಎಂದು ಶೇ. 95ರಷ್ಟು ಖಾತ್ರಿಯಿಂದ ಹೇಳಬಹುದೇ? ಹೇಳಬಹುದಾದರೆ ಅಲ್ಲಿಗೇ ಪರದೆ ಬಂದ್. ಇಲ್ಲವಾದರೆ ಇನ್ನೊಂದು ಪ್ರಶ್ನೆ.

ಹಾಸ್ಟೆಲಿನ ಶಾಸ್ತ್ರ ಎಲ್ಲಿ ತಪ್ಪಿತು ಎಂದು ಈಗ ಕಾಣುತ್ತದೆ. 85ಕ್ಕೆ ನಿಲ್ಲುವುದು ಸ್ಪಷ್ಟವಾಗಿ ಪಾಸಾದವರದು, ಸ್ಪಷ್ಟವಾಗಿ ಫೇಲಾದವರದೂ ಅಷ್ಟೇ. 150ರ ತನಕ ಹೋಗುವುದು ಗೆರೆಯ ಆಸುಪಾಸಿನಲ್ಲಿ ಇರುವವರದು. ಅಲ್ಲಿಯ ತನಕ ಬಂದವರಿಗೆ ಶೇ. 95ರ ಷರತ್ತು ಬಿಟ್ಟುಹೋಗುತ್ತದೆ. ಕೊನೆಯ ಅಂದಾಜು ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಪಾಸು.

ವೇಗದ ಪ್ರಶ್ನೆ ನಿಜವಾಗಿ ಎದುರಾಗುವುದು ಈ ಗೆರೆಯ ಆಸುಪಾಸಿನವರಿಗೇ. ಒಬ್ಬ ನರ್ಸ್‌ಳನ್ನು ಊಹಿಸಿಕೊಳ್ಳಿ. ಅವಳ ನಿಜವಾದ ಸಾಮರ್ಥ್ಯ ಗೆರೆಗಿಂತ 0.2 ಮೆಟ್ಟಿಲು ಮೇಲೆ, ಎಂದರೆ ಪಾಸಾಗಬೇಕಾದವಳು. ಮೊದಲ ಹತ್ತು ಪ್ರಶ್ನೆಯೇ ಮುಖ್ಯ ಎನ್ನುವ ಮಾತನ್ನು ನಂಬಿ ಒಂದೊಂದಕ್ಕೂ ಆರು ನಿಮಿಷ ಕೊಡುತ್ತಾಳೆ. ಅಲ್ಲಿಗೆ 60 ನಿಮಿಷ. ಎರಡು ಸಲ ಎದ್ದು ನೀರು ಕುಡಿದು ಬರಲು 20 ನಿಮಿಷ. 300ರಲ್ಲಿ ಉಳಿದದ್ದು 220. ಉಳಿದವಕ್ಕೆ ತನ್ನ ಸಹಜ ವೇಗದಲ್ಲಿ, ಎರಡು ನಿಮಿಷಕ್ಕೊಂದರಂತೆ ಹೋದರೆ 110 ಪ್ರಶ್ನೆ ಆಗುತ್ತವೆ. ಒಟ್ಟು 120. ಇನ್ನೂ 30 ಉಳಿದಿವೆ, ಗಡಿಯಾರದಲ್ಲಿ ಏನೂ ಉಳಿದಿಲ್ಲ.

ಇದು ಕೊನೆಯ ಕೆಲವು ನಿಮಿಷಗಳಲ್ಲಿ ಅವಳಿಗೆ ಗೊತ್ತಾಗುತ್ತದೆ ಎನ್ನೋಣ. ನಮ್ಮಲ್ಲಿ ಯಾರಾದರೂ ಏನು ಮಾಡುತ್ತೇವೆ? ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಕಣ್ಣು ಮುಚ್ಚಿ ಗುಂಡು ಹಾಕು ಎನ್ನುತ್ತೇವೆ. ಅವಳೂ ಆ 30ಕ್ಕೂ ಓದದೆಯೇ ಟಿಕ್ ಹೊಡೆಯುತ್ತಾಳೆ. ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಯಾದರೆ ಸರಿಯಾಗುವುದು ಕಾಲು ಭಾಗ. ಕಂಪ್ಯೂಟರ್ ನಿರೀಕ್ಷಿಸುತ್ತಿದ್ದದ್ದು ಅರ್ಧ. ಒಂದೊಂದು ಪ್ರಶ್ನೆಯಲ್ಲೂ ಆ ಕಾಲು ಭಾಗದ ಕೊರತೆ ಸೇರುತ್ತ ಹೋಗುತ್ತದೆ. ಅಂದಾಜು ಕೆಳಗಿಳಿಯುತ್ತದೆ, ಕಂಪ್ಯೂಟರ್ ಸುಲಭದ ಪ್ರಶ್ನೆ ಕೊಡುತ್ತದೆ, ಓದದವಳಿಗೆ ಸುಲಭವೂ ಒಂದೇ ಕಷ್ಟವೂ ಒಂದೇ, ಮತ್ತೆ ಮುಕ್ಕಾಲು ಪಾಲು ತಪ್ಪು. ನಾನು ಲೆಕ್ಕ ಹಾಕಿದಾಗ ಆ 30 ಗುಂಡುಗಳಿಗೆ ಇಳಿಕೆ ಸುಮಾರು 0.25 ಮೆಟ್ಟಿಲು ಬಂತು. 0.2 ಮೇಲಿದ್ದವಳು 0.05 ಕೆಳಗೆ. ಫೇಲ್. ಅರ್ಧ ಸರಿಗೆ ಅರ್ಧ ಅಂಕ ಕೊಡುವ ಪ್ರಶ್ನೆಗಳೂ ಇಲ್ಲಿ ಇವೆ, ಸರಿಯಾದವನ್ನೆಲ್ಲ ಆರಿಸು ಎನ್ನುವವೂ ಇವೆ, ಹಾಗಾಗಿ ನನ್ನ ಲೆಕ್ಕ ಒಂದು ಮಾದರಿ ಅಷ್ಟೇ. ಆದರೆ ಇಳಿಯುವ ದಿಕ್ಕು ಬದಲಾಗದು.

ಅವಳು ಗುಂಡು ಹಾಕದೆ, 121ನೇ ಪ್ರಶ್ನೆಯನ್ನು ಓದುತ್ತಿರುವಾಗಲೇ ಸಮಯ ಮುಗಿದಿದ್ದರೆ ಏನಾಗುತ್ತಿತ್ತು? ಇದಕ್ಕೆ ಬೇರೆಯೇ ನಿಯಮ ಇದೆ. ಕನಿಷ್ಠ 85 ಮುಗಿಸದೆ ಸಮಯ ತೀರಿದರೆ ಫೇಲ್, ಬೇರೆ ಮಾತಿಲ್ಲ. 85 ದಾಟಿದ್ದರೆ ಅಲ್ಲಿಯ ತನಕ ಕೊಟ್ಟ ಉತ್ತರಗಳಿಂದಲೇ ಕೊನೆಯ ಅಂದಾಜು ಹಾಕುತ್ತಾರೆ. ಅದು ಗೆರೆಯ ಮೇಲಿದ್ದರೆ ಪಾಸು. ನಮ್ಮ ನರ್ಸ್‌ಳ ಅಂದಾಜು ಆಗ 0.2 ಮೇಲೆ ಇತ್ತು. ಸುಮ್ಮನೆ ಓದುತ್ತ ಕೂತಿದ್ದರೆ ಪಾಸಾಗುತ್ತಿದ್ದಳು. ಓಡಿ ಮುಗಿಸಿದ್ದಕ್ಕೆ ಫೇಲಾದಳು. ಜೀವಮಾನವಿಡೀ 'ಯಾವುದನ್ನೂ ಖಾಲಿ ಬಿಡಬೇಡ' ಎಂದು ಹೇಳಿಕೊಟ್ಟ ಮೇಷ್ಟ್ರಿಗೆ ಇದು ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಗೆಂದು ಆರಾಮಾಗಿ ಕೂರುವುದೂ ಅಪಾಯವೇ. ಪ್ರಶ್ನೆಗೆ ಮೂರೂವರೆ ನಿಮಿಷದಂತೆ ಹೋದವರಿಗೆ 85 ಮುಗಿಯುವ ಹೊತ್ತಿಗೆ 297 ನಿಮಿಷ ದಾಟಿರುತ್ತದೆ. ನಡುವೆ ಒಮ್ಮೆ ಶೌಚಾಲಯಕ್ಕೆ ಹೋಗಿ ಬಂದರೆ 85 ಮುಟ್ಟುವುದೇ ಇಲ್ಲ. ಹಾಗಾಗಿ ನಡಿಗೆಯ ಲೆಕ್ಕ ಇಟ್ಟುಕೊಳ್ಳಬೇಕಾದದ್ದು 85ಕ್ಕಲ್ಲ, 150ಕ್ಕೆ. ಬಿಡುವಿಗೆ 20 ನಿಮಿಷ ತೆಗೆದಿಟ್ಟರೆ ಒಂದು ಪ್ರಶ್ನೆಗೆ ಸಿಗುವುದು 1 ನಿಮಿಷ 52 ಸೆಕೆಂಡು. ಇದನ್ನು ಪ್ರತಿ ಪ್ರಶ್ನೆಗೂ ಹಚ್ಚಿ ನೋಡಬಾರದು. ಒಬ್ಬ ರೋಗಿಯ ಕತೆ ಕೊಟ್ಟು ಅದರ ಮೇಲೆ ಆರು ಪ್ರಶ್ನೆ ಕೇಳುವ ಗುಚ್ಛಗಳು ಬರುತ್ತವೆ. ರಕ್ತಪರೀಕ್ಷೆಯ ವರದಿ, ನರ್ಸ್ ಬರೆದ ಟಿಪ್ಪಣಿ ಎಲ್ಲ ಓದಲು ಮೊದಲ ಪ್ರಶ್ನೆಗೇ ನಾಲ್ಕು ನಿಮಿಷ ಹೋದರೂ ತಪ್ಪಿಲ್ಲ, ಮುಂದಿನ ಐದಕ್ಕೆ ಓದಿದ್ದು ಕೈಗೆ ಬರುತ್ತದೆ. ಗಡಿಯಾರವನ್ನು ಆಗಾಗ ಗಟ್ಟಿಯಾಗಿ ನೋಡಿದರೆ ಸಾಕು. 85ನೇ ಪ್ರಶ್ನೆ ಮುಗಿಯುವಾಗ, ಒಂದು ಬಿಡುವು ತೆಗೆದುಕೊಂಡಿದ್ದರೂ, ಪರದೆಯ ಮೇಲೆ ಎರಡು ಗಂಟೆ ಹತ್ತು ನಿಮಿಷದ ಆಸುಪಾಸು ಉಳಿದಿರಬೇಕು. ಒಂದೂವರೆ ಗಂಟೆಯಷ್ಟೇ ಇದ್ದರೆ ನಿಧಾನವಾಗಿದ್ದೀರಿ ಎಂದು ಅರ್ಥ. ಆಗ ವೇಗ ಹೆಚ್ಚಿಸಬೇಕು, ಆದರೆ ಓದುವುದನ್ನು ಬಿಟ್ಟಲ್ಲ. ಎರಡು ಉತ್ತರಗಳ ನಡುವೆ ತೂಗಾಡುವ ಹೊತ್ತನ್ನು ಕಡಿಮೆ ಮಾಡಿ.

ಆ ತೂಗಾಟವೇ ಈ ಪರೀಕ್ಷೆಯಲ್ಲಿ ಸಮಯ ತಿನ್ನುವುದು. ಕಾರಣ ಸಹಜ. ಪ್ರತಿ ಪ್ರಶ್ನೆಯನ್ನೂ ನಿಮ್ಮ ಗಡಿಗೆ ಸರಿಯಾಗಿ ತಂದಿಟ್ಟಿರುತ್ತಾರೆ, ಅರ್ಧದಷ್ಟು ತಪ್ಪುತ್ತೀರಿ ಎಂದು ಲೆಕ್ಕ ಹಾಕಿಯೇ. ಕ್ಲಾಸಿನಲ್ಲಿ ನೂರಕ್ಕೆ 90 ತೆಗೆದು ಅಭ್ಯಾಸವಿದ್ದ ಹುಡುಗಿಗೆ ಮೂರು ಗಂಟೆ ಹೊತ್ತು ಒಂದೊಂದು ಪ್ರಶ್ನೆಯೂ ಅನುಮಾನವೇ ಆದರೆ ಎದೆ ಕುಸಿಯುತ್ತದೆ. ಇದಕ್ಕೆ ಇನ್ನೊಂದು ಚಟ ಸೇರುತ್ತದೆ: ಈಗ ಬಂದ ಪ್ರಶ್ನೆ ಸುಲಭವಿತ್ತಲ್ಲ, ಹಾಗಾದರೆ ಹಿಂದಿನದು ತಪ್ಪಿದೆನೇ ಎಂದು ಲೆಕ್ಕ ಹಾಕುವುದು. ಇದು ಶುದ್ಧ ವ್ಯರ್ಥ. ಸುಲಭವೆನಿಸಿದ್ದು ಲೆಕ್ಕಕ್ಕಿಲ್ಲದ 15ರಲ್ಲಿ ಒಂದಿರಬಹುದು. ಔಷಧಿ, ಸೋಂಕು ತಡೆ, ತಾಯಿ-ಮಗುವಿನ ಆರೈಕೆ ಹೀಗೆ ಒಂದೊಂದು ಭಾಗದಿಂದಲೂ ಇಂತಿಷ್ಟು ಪ್ರಶ್ನೆ ಕೇಳಲೇಬೇಕೆಂಬ ಕಟ್ಟಳೆ ಇರುವುದರಿಂದ, ಕಂಪ್ಯೂಟರ್ ಬರೀ ಕಷ್ಟ ನೋಡಿ ಆರಿಸುವುದೂ ಇಲ್ಲ. ನಿಮ್ಮ ವಾರ್ಡಿನಲ್ಲಿ ದಿನಾ ನೋಡಿದ ಕಾಯಿಲೆಯ ಕಷ್ಟದ ಪ್ರಶ್ನೆ ನಿಮಗೆ ಸುಲಭವಾಗಿ ಕಾಣುವುದೂ ಉಂಟು.

ಎಲ್ಲ ಹೊಂದಿಕೊಳ್ಳುವ ಪರೀಕ್ಷೆಗಳಿಗೂ ಇದೇ ನಡಿಗೆ ಎಂದುಕೊಂಡರೆ ಪೆಟ್ಟು ತಿನ್ನುತ್ತೀರಿ. ಎಂಬಿಎಗೆ ಬರೆಯುವ ಜಿಮ್ಯಾಟ್ ಸಹ ಪ್ರಶ್ನೆಯಿಂದ ಪ್ರಶ್ನೆಗೆ ಹೊಂದಿಕೊಳ್ಳುತ್ತದೆ, ಆದರೆ ಅಲ್ಲಿ ಪ್ರಶ್ನೆಗಳ ಸಂಖ್ಯೆ ನಿಗದಿ. ಗಣಿತಕ್ಕೆ 45 ನಿಮಿಷದಲ್ಲಿ 21. ಮುಗಿಸದೆ ಬಿಟ್ಟರೆ ದಂಡ ಇದೆ, ಹಾಗಾಗಿ ಅಲ್ಲಿ ಕೊನೆಯಲ್ಲಿ ಗುಂಡು ಹಾಕುವುದೇ ಜಾಣತನ. ಈಗಿನ ರೂಪದಲ್ಲಿ ಒಂದು ವಿಭಾಗಕ್ಕೆ ಮೂರು ಉತ್ತರಗಳನ್ನು ಹಿಂದೆ ಹೋಗಿ ತಿದ್ದಲೂಬಹುದು. ಜಿಆರ್‌ಇ ಹೊಂದಿಕೊಳ್ಳುವುದು ವಿಭಾಗದಿಂದ ವಿಭಾಗಕ್ಕೆ. ಮೊದಲ ಗಣಿತ ವಿಭಾಗ ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯದರ ಕಷ್ಟ. ವಿಭಾಗದ ಒಳಗೆ ಹಿಂದೆ ಮುಂದೆ ಓಡಾಡಬಹುದು, ನಮ್ಮ ಹಳೆಯ 'ಗೊತ್ತಿರೋದು ಮೊದಲು' ಅಲ್ಲಿ ಚೆನ್ನಾಗಿ ನಡೆಯುತ್ತದೆ. ಹೆಸರೆಲ್ಲ ಒಂದೇ, ಆದರೆ ಖಾಲಿ ಬಿಟ್ಟರೆ ಏನಾಗುತ್ತದೆ, ಹಿಂದೆ ಹೋಗಬಹುದೇ, ಎಲ್ಲಿ ನಿಲ್ಲುತ್ತದೆ ಎಂಬ ಮೂರು ನಿಯಮಗಳಲ್ಲಿ ವ್ಯತ್ಯಾಸ. ತರಬೇತಿ ಕೇಂದ್ರಗಳು ಒಂದರ ಉಪಾಯವನ್ನು ಇನ್ನೊಂದಕ್ಕೆ ಮಾರುತ್ತವೆ ಎನ್ನುವುದು ನನ್ನ ದೂರು.

ನಾನು ಇದನ್ನೆಲ್ಲ ಕಾಗದದ ಮೇಲೆ ಬರೆದು ಅಕ್ಕನ ಮಗಳಿಗೆ ತೋರಿಸುವ ಹೊತ್ತಿಗೆ ಅವಳ ಫಲಿತಾಂಶವೂ ಬಂದಿತ್ತು. 150 ಪ್ರಶ್ನೆ ಮುಗಿದಾಗ ಆರು ನಿಮಿಷ ಉಳಿದಿತ್ತಂತೆ, ಒಂದನ್ನೂ ಓದದೆ ಬಿಟ್ಟಿರಲಿಲ್ಲವಂತೆ. ಪಾಸಾಗಿದ್ದಳು. ಅವಳ ಜೊತೆಯವಳೊಬ್ಬಳು 85ಕ್ಕೇ ನಿಂತು ಸಿಹಿ ಹಂಚಿದ್ದಳು, ಅವಳದು ಆಗಲಿಲ್ಲ. 45 ದಿನ ಕಳೆಯದೆ ಮತ್ತೆ ಕೂರುವ ಹಾಗಿಲ್ಲ.

ಊರಿಗೆ ಹೋದಾಗ ನಮ್ಮಮ್ಮ ಮೊಮ್ಮಗಳನ್ನು ಕೇಳಿದರು, "ಎಷ್ಟು ಮಾರ್ಕ್ಸು ಬಂತೇ ಪುಟ್ಟಿ?"

"ಮಾರ್ಕ್ಸ್ ಕೊಡಲ್ಲ ಅಜ್ಜಿ" ಎಂದಳು. ಅದು ನಿಜ. ಫೇಲಾದವರಿಗೆ ಯಾವ ಭಾಗದಲ್ಲಿ ಗೆರೆಗಿಂತ ಕೆಳಗಿದ್ದರು ಎಂದು ಒಂದು ವರದಿ ಬರುತ್ತದೆ. ಪಾಸಾದವರಿಗೆ ಪಾಸು ಎಂಬ ಒಂದೇ ಮಾತು.